ಉತ್ತರ ಬರೆದಿಟ್ಟುಕೊಂಡು ಕೇಳುವ ಪ್ರಶ್ನೆ

“ಊರು ಬಿಟ್ಟು ಬರುವಾಗ ತುಂಬಾ ಸಂಕಟ ಆಯ್ತಾ ಅಕ್ಕಾ?” ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕ, ತಗಡಿನ ಶೆಡ್ಡಿನ ಮುಂದೆ ಕ್ಯಾಮೆರಾ ಇಟ್ಟು ಕೇಳುವ ಪ್ರಶ್ನೆ ಇದು. ರಾಯಚೂರು ಕಡೆಯಿಂದ ಗುಳೆ ಬಂದ ಹೆಣ್ಣುಮಗಳು “ಹೂಂ ರೀ” ಎನ್ನುತ್ತಾಳೆ. ಅಷ್ಟು ಸಾಲದು. ಚಿತ್ರದಲ್ಲಿ ನಮ್ಮ ದನಿ ಇರುವುದಿಲ್ಲ, ಆದ್ದರಿಂದ ಪೂರ್ತಿ ವಾಕ್ಯದಲ್ಲಿ ಹೇಳಿ ಎಂದು ಕೇಳಿಕೊಳ್ಳುತ್ತಾರೆ. ಆಕೆ ಹೇಳುತ್ತಾಳೆ: “ಊರು ಬಿಟ್ಟು ಬರುವಾಗ ಬಾಳ ಸಂಕಟ ಆತ್ರೀ.” ಸಂಕಲನದ ಮೇಜಿನ ಮೇಲೆ ಪ್ರಶ್ನೆ ಕತ್ತರಿಸಿ ಹೋಗುತ್ತದೆ. ಪರದೆಯ ಮೇಲೆ ಉಳಿಯುವುದು ಆಕೆಯ ಮುಖ, ಆಕೆಯ ದನಿ, ನಿರ್ದೇಶಕರ ಮಾತು.

ಇದನ್ನು ಸಾಕ್ಷ್ಯಚಿತ್ರವೆಂದು ಕರೆಯಲಾಗದು. ವಲಸೆ ಕಾರ್ಮಿಕರ ಪರವಾಗಿ ಮಾಡುತ್ತಿದ್ದೇವೆಂಬ ಸದುದ್ದೇಶವೂ ಈ ತಪ್ಪನ್ನು ತೊಳೆಯಲಾರದು.

ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆಗೆ ಕಾನೂನಿನಲ್ಲಿ ಸೂಚಕ ಪ್ರಶ್ನೆ ಎಂಬ ಹೆಸರಿದೆ. ಕೇಳುವವನು ಬಯಸುವ ಅಥವಾ ನಿರೀಕ್ಷಿಸುವ ಉತ್ತರವನ್ನು ಸೂಚಿಸುವ ಪ್ರಶ್ನೆ ಎಂದು 1872ರ ಸಾಕ್ಷ್ಯ ಅಧಿನಿಯಮದ 141ನೇ ಕಲಂ ಅದನ್ನು ವಿವರಿಸಿತ್ತು. ಎದುರಾಳಿ ಆಕ್ಷೇಪಿಸಿದರೆ, ತನ್ನದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ವಕೀಲ ಅಂಥ ಪ್ರಶ್ನೆಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಕೇಳುವಂತಿಲ್ಲ. ಶೆಡ್ಡಿನ ಮುಂದೆ ಆಕ್ಷೇಪಿಸಲು ಯಾರೂ ಇರುವುದಿಲ್ಲ. ಪ್ರಶ್ನೆಯೇ ಕಸದ ಬುಟ್ಟಿ ಸೇರುವುದರಿಂದ ನೋಡುಗನಿಗೂ ಅನುಮಾನ ಬರುವುದಿಲ್ಲ. ಹಾಗಾಗಿ ಪ್ರಶ್ನೆ ಬರೆಯುವಾಗ ನಿರ್ದೇಶಕರ ಹೊಣೆ ವಕೀಲರ ಹೊಣೆಗಿಂತ ಹೆಚ್ಚಿನದು.

ಒಂದು ಪದದಿಂದ ಏನಾದೀತು ಎನ್ನುವವರು 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ನಡೆಸಿದ ಪ್ರಯೋಗವನ್ನು ನೋಡಲಿ. ಕಾರುಗಳ ಅಪಘಾತದ ಒಂದೇ ಚಿತ್ರವನ್ನು ತೋರಿಸಿ, ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು 50 ಜನರನ್ನು ಕೇಳಿದರು. ‘ಡಿಕ್ಕಿ ಹೊಡೆದಾಗ’ ಎಷ್ಟಿತ್ತು ಎಂದು ಇನ್ನೊಂದು 50 ಜನರನ್ನು ಕೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದಾಗ ಮೊದಲ ಗುಂಪಿನ 16 ಜನ, ಎರಡನೆಯ ಗುಂಪಿನ 7 ಜನ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಪ್ರಶ್ನೆಯ ಕ್ರಿಯಾಪದ ನೆನಪಿನೊಳಕ್ಕೇ ಇಳಿದಿತ್ತು. ಪ್ರಶ್ನಿಸುವವರಿಗೂ ಉತ್ತರಿಸುವವರಿಗೂ ನಡುವೆ ಅಂತಸ್ತಿನ ಅಂತರ ಇರುವ ಕಡೆ ಈ ಒತ್ತಡ ಇನ್ನೂ ಭಾರವಾಗುತ್ತದೆ. ಕ್ಯಾಮೆರಾ ಹಿಡಿದು ಬಂದ ದೊಡ್ಡವರಿಗೆ ಇಲ್ಲ ಎನ್ನುವುದು ಕೂಲಿಯವರಿಗೆ ಸುಲಭವಲ್ಲ.

ಮೊದಲ ಪ್ರಶ್ನೆಗೇ ಮರಳೋಣ. ‘ಸಂಕಟ’ ನಿರ್ದೇಶಕರ ಪದವೆಂಬುದು ಎದ್ದು ಕಾಣುತ್ತದೆ. ಕಣ್ಣಿಗೆ ಬೀಳದ ತಪ್ಪು ‘ಊರು ಬಿಟ್ಟು’ ಎಂಬುದರಲ್ಲಿದೆ. ಗುಳೆ ಹೋಗುವವರು ಊರು ಬಿಟ್ಟವರಲ್ಲ. ಸುಗ್ಗಿ ಮುಗಿದ ಮೇಲೆ ಬಂದು, ಮಳೆ ಬಿದ್ದರೆ ಬಿತ್ತನೆಗೆ ಮರಳುವವರು ಅವರಲ್ಲಿದ್ದಾರೆ. ಜಾತ್ರೆ, ಹಬ್ಬ, ಮದುವೆಗಳಿಗೆ ಹೋಗಿ ಬರುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು, ಎಮ್ಮೆ ಇರಬಹುದು. ‘ಬಿಟ್ಟು’ ಎಂದು ಕೇಳಿದ ಗಳಿಗೆಯಲ್ಲೇ ಈ ಓಡಾಟದ ಬದುಕು ಒಂದು ದುಃಖದ ವಿದಾಯವಾಗಿ ಕುಗ್ಗುತ್ತದೆ. ‘ಯಾಕೆ ಬಂದ್ರಿ’ ಎಂದರೂ ಹೆಚ್ಚು ಸಿಗದು. ‘ಯಾಕೆ’ ಎಂಬುದು ಸಮಜಾಯಿಷಿ ಕೇಳಿದಂತೆ. ಅದಕ್ಕೆ ‘ಹೊಟ್ಟೆಪಾಡು’ ಎಂಬ ಸಿದ್ಧ ಉತ್ತರ ಎಲ್ಲರ ಬಳಿಯೂ ಇದೆ.

ಅದರ ಬದಲು ಹೀಗೆ ಕೇಳಬಹುದು: “ಈ ಸಲ ಊರಿಂದ ಹೊರಟ ದಿನ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯ್ತು, ಹೇಳ್ರಿ ಅಕ್ಕಾ.” ಇದರಲ್ಲಿ ಭಾವನೆಯ ಹೆಸರಿಲ್ಲ, ದೂರೂ ಇಲ್ಲ. ಒಂದು ದಿನ ಮಾತ್ರ ಇದೆ. ಬುತ್ತಿ ಕಟ್ಟಿದ್ದು, ಚೀಲಕ್ಕೆ ಏನು ಹಾಕಿದ್ದು, ಯಾರನ್ನು ಯಾರ ಮನೆಯಲ್ಲಿ ಬಿಟ್ಟದ್ದು, ಬಸ್ಸಿನ ಟಿಕೆಟಿಗೆ ಹಣ ಯಾರು ಕೊಟ್ಟದ್ದು, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಆಕೆ ಮಗುವಿನ ಹೆಸರು ಹೇಳಿ ಸುಮ್ಮನಾದರೆ ನಿರ್ದೇಶಕರೂ ಸುಮ್ಮನಿರಬೇಕು, ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು. ಬಾಯಿ ತೆರೆಯಲೇಬೇಕಾದರೆ ಆಕೆಯದೇ ಕೊನೆಯ ಪದವನ್ನು ಹಿಡಿದು “ಆಮೇಲೆ?” ಎಂದರೆ ಸಾಕು. ಆಕೆ ನಕ್ಕು, ಬಸ್ಸಿನಲ್ಲಿ ಗೆಳತಿಯರು ಸಿಕ್ಕಿದ್ದನ್ನು ಹೇಳಿದರೆ ಅದೂ ಚಿತ್ರಕ್ಕೆ ಬೇಕು.

ಅನ್ಯಾಯ ಬಯಲಾಗುವುದೂ ಇಂಥ ಪ್ರಶ್ನೆಗಳಿಂದಲೇ. “ಮೇಸ್ತ್ರಿ ಮೋಸ ಮಾಡ್ತಾನಾ?” ಎಂದು ಕೇಳುವವರಿಗೆ ಮೇಸ್ತ್ರಿ ಯಾರೆಂದೇ ತಿಳಿದಿಲ್ಲ. ಅನೇಕ ಕಡೆ ಅವನು ಅದೇ ಊರಿನವನು, ಕೆಲವೊಮ್ಮೆ ಸಂಬಂಧಿಕ. ಮುಂಗಡ ಕೊಟ್ಟವನೂ ನಾಳೆ ಕೆಲಸಕ್ಕೆ ಕರೆಯಬೇಕಾದವನೂ ಅವನೇ. ಹತ್ತು ಹೆಜ್ಜೆ ದೂರದಲ್ಲಿ ಅವನು ನಿಂತಿರುವಾಗ ‘ಇಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲ, ‘ಹೌದು’ ಎಂಬ ಉತ್ತರಕ್ಕೆ ಆಕೆ ತೆರಬೇಕಾದ ಬೆಲೆ ದೊಡ್ಡದು. ಅವನಿಲ್ಲದ ಕಡೆ, ಪರಿಚಯ ಬೆಳೆದ ಮೇಲೆ, “ಹೋದ ವಾರದ ಬಟವಾಡೆ ಹೆಂಗಾಯ್ತು?” ಎಂದು ಕೇಳಿ. ಕೈಗೆ ಬಂದದ್ದು ವಾರದ ಖರ್ಚಿಗಷ್ಟೇ ಎಂದಾಳು. ಉಳಿದದ್ದು ಮೇಸ್ತ್ರಿಯ ಪುಸ್ತಕದಲ್ಲಿದೆ, ಊರಿಗೆ ಹೋಗುವಾಗ ಮುಂಗಡ ಮುರಿದುಕೊಂಡು ಲೆಕ್ಕ ಚುಕ್ತಾ ಮಾಡುತ್ತಾನೆ ಎಂದಾಳು. ‘ಮೋಸ’ ಎಂಬ ಪದ ಬಾರದೆಯೇ ಲೆಕ್ಕ ಯಾರ ಕೈಯಲ್ಲಿದೆ ಎಂಬುದು ನೋಡುಗನಿಗೆ ಗೊತ್ತಾಗುತ್ತದೆ. ಅದನ್ನು ಚಿತ್ರದಲ್ಲಿ ಬಳಸುವ ಮುನ್ನ ಆಕೆಯನ್ನು ಮತ್ತೊಮ್ಮೆ ಕೇಳಬೇಕು.

2020ರ ಲಾಕ್‌ಡೌನ್ ದಿನಗಳಲ್ಲಿ, ಮೇ 5ರಂದು, ರಾಜ್ಯ ಸರಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಬರೆದು, ಕಟು ಟೀಕೆ ಬಂದ ಮೇಲೆ ನಿರ್ಧಾರ ಹಿಂತೆಗೆದುಕೊಂಡಿತು. ಆ ದಿನಗಳ ಬಗ್ಗೆ ಬಿಹಾರದ ಕಾರ್ಮಿಕನೊಬ್ಬನನ್ನು “ಆಗ ಸಿಟ್ಟು ಬಂತಾ?” ಎಂದು ಕೇಳಿದರೆ ಒಂದು ಪದ ಸಿಗುತ್ತದೆ. “ರೈಲು ಇಲ್ಲ ಅಂತ ನಿಮಗೆ ಯಾರು, ಎಲ್ಲಿ ಹೇಳಿದ್ರು?” ಎಂದರೆ ಸುದ್ದಿ ತಂದವನು ಪೊಲೀಸನೋ ಗುತ್ತಿಗೆದಾರನೋ, ಫೋನಿನಲ್ಲೋ ಶೆಡ್ಡಿನ ಬಾಗಿಲಲ್ಲೋ ಎಂಬುದೆಲ್ಲ ಹೊರಬರುತ್ತದೆ. ದುಭಾಷಿಯ ಮೂಲಕ ಕೇಳುವಾಗ ಎಚ್ಚರ ಇನ್ನೂ ಹೆಚ್ಚಿರಬೇಕು. ತೆರೆದ ಪ್ರಶ್ನೆಯನ್ನು ಅವರು ನೆರವಾಗುವ ಭರದಲ್ಲಿ ‘ಪೊಲೀಸರು ಹೇಳಿದ್ರಾ?’ ಎಂದು ಮುಚ್ಚಿಬಿಡುತ್ತಾರೆ. ಚಿತ್ರೀಕರಣಕ್ಕೆ ಮೊದಲೇ ಅವರಿಂದ ಪ್ರಶ್ನೆಯನ್ನು ಕನ್ನಡಕ್ಕೆ ಮರಳಿ ಹೇಳಿಸಿಕೊಂಡರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಕಾರ್ಮಿಕರು ಮಾತಾಡುವುದಿಲ್ಲ, ನಮ್ಮ ಬಳಿ ಸಮಯವಿಲ್ಲ, ಒಂದಿಷ್ಟು ಎಳೆ ಕೊಡಲೇಬೇಕು ಎಂಬ ವಾದವಿದೆ. ಇದನ್ನು ಒಪ್ಪಲಾಗದು. ಹನ್ನೆರಡು ತಾಸು ದುಡಿದು ಬಂದವರ ಮುಂದೆ ಇಪ್ಪತ್ತು ಪ್ರಶ್ನೆಗಳ ಹಾಳೆ ಹಿಡಿದು ಕೂತರೆ ಯಾರೂ ಮಾತಾಡಲಾರರು. ಪ್ರಶ್ನೆಗಳನ್ನು ಐದಕ್ಕಿಳಿಸಿ, ಎರಡನೆಯ ದಿನವೂ ಬನ್ನಿ. ಹೆಸರು, ಊರು, ತಿಂಗಳನ್ನು ಖಚಿತಪಡಿಸಿಕೊಳ್ಳಲು ಹೌದು-ಇಲ್ಲದ ಪ್ರಶ್ನೆಗಳಿರಲಿ, ಆದರೆ ಕತೆ ಮುಗಿದ ಮೇಲೆ.

ಇನ್ನು ಮುಂದೆ ಸಾಕ್ಷ್ಯಚಿತ್ರಕ್ಕೆ ಹಣ ಕೊಡುವವರು, ಅದನ್ನು ಉತ್ಸವಗಳಿಗೆ ಆರಿಸುವವರು ಸಂದರ್ಶನದ ಪೂರ್ತಿ ಬರಹವನ್ನು ಪ್ರಶ್ನೆಗಳ ಸಮೇತ ಕೇಳಿ ನೋಡಬೇಕು. ಕಾರ್ಮಿಕರ ಬಾಯಲ್ಲಿ ಬಂದ ಭಾವನೆಯ ಪದ ಮೊದಲು ಯಾರ ಬಾಯಲ್ಲಿ ಬಂತು ಎಂಬುದು ಅಲ್ಲಿ ಕಾಣುತ್ತದೆ. ಅದು ಪ್ರಶ್ನೆಯಲ್ಲೇ ಮೊದಲು ಬಂದಿದ್ದರೆ ಆ ದೃಶ್ಯವನ್ನು ತೆಗೆಯಬೇಕು, ಇಲ್ಲವೇ ಪ್ರಶ್ನೆಯ ದನಿಯನ್ನೂ ಚಿತ್ರದಲ್ಲಿ ಉಳಿಸಬೇಕು. ಕೂಲಿಯನ್ನು ಹಿಡಿದಿಟ್ಟ ಮೇಸ್ತ್ರಿಯನ್ನು ಖಂಡಿಸಲು ಹೊರಟ ಚಿತ್ರ, ಆಕೆಯ ಮಾತನ್ನು ಹಿಡಿದಿಡಬಾರದು.