ಉದ್ದ ವಾಕ್ಯವನ್ನು ಎಲ್ಲಿ ಮುರಿಯಬೇಕು?

ಹಳ್ಳಿಯವರಿಗೆ ಬರೆಯುವಾಗ ಚಿಕ್ಕ ಚಿಕ್ಕ ವಾಕ್ಯ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತನ್ನು ನಾವು ಅರ್ಧ ಒಪ್ಪುತ್ತೇವೆ, ಅರ್ಧ ಒಪ್ಪುವುದಿಲ್ಲ. ರಾತ್ರಿಯಿಡೀ ಕೂತು ಯಕ್ಷಗಾನದ ಅರ್ಥಗಾರಿಕೆ ಕೇಳುವವರಿಗೆ ಉದ್ದ ಮಾತು ಅರ್ಥವಾಗುವುದಿಲ್ಲ ಎನ್ನುವುದು ಸುಳ್ಳು. ತೊಂದರೆ ಇರುವುದು ಉದ್ದದಲ್ಲಿ ಅಲ್ಲ, ಪೇರಿಸುವುದರಲ್ಲಿ. ಹುಲ್ಲಿನ ಹೊರೆಯ ಮೇಲೆ ಹೊರೆ ಇಟ್ಟ ಹಾಗೆ ಮಾತಿನ ಮೇಲೆ ಮಾತು ಇಟ್ಟು, ಎಲ್ಲವನ್ನೂ ಓದುಗರ ತಲೆ ಮೇಲೆ ಹೊರಿಸಿ, ಕ್ರಿಯಾಪದವನ್ನು ಕೊನೆಗೆ ಕೊಡುವ ವಾಕ್ಯಗಳಿವೆಯಲ್ಲ, ಅವು ಯಾರಿಗೂ ಅರ್ಥವಾಗುವುದಿಲ್ಲ. ಊರಿನವರಿಗೂ ಇಲ್ಲ, ಪೇಟೆಯವರಿಗೂ ಇಲ್ಲ.

ಒಂದು ಉದಾಹರಣೆ ನೋಡೋಣ. ಬೆಳೆ ವಿಮೆಯ ಪ್ರಕಟಣೆಗಳು ಪ್ರತಿ ಹಂಗಾಮಿನಲ್ಲೂ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುತ್ತವೆ. ಅವುಗಳ ಧಾಟಿಯಲ್ಲೇ ನಾವು ಕಟ್ಟಿದ ವಾಕ್ಯ ಇದು:

"ಮುಂಗಾರು ಹಂಗಾಮಿನಲ್ಲಿ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿಕೊಂಡಿರುವ ರೈತರು ಬೆಳೆದಿರುವ, ಆಲಿಕಲ್ಲು ಮಳೆ, ಭೂಕುಸಿತ ಅಥವಾ ಹೊಲ ಜಲಾವೃತಗೊಂಡು ಹಾನಿಗೊಳಗಾದ ಹಾಗೂ ಕಟಾವಿನ ನಂತರ ಜಮೀನಿನಲ್ಲಿಯೇ ಒಣಗಲು ಬಿಟ್ಟಿದ್ದು 14 ದಿನಗಳೊಳಗಾಗಿ ಅಕಾಲಿಕ ಮಳೆಗೆ ಸಿಲುಕಿ ನಷ್ಟವಾದ ಬೆಳೆಗಳ ವಿವರಗಳನ್ನು 72 ಗಂಟೆಗಳೊಳಗಾಗಿ ಸಂಬಂಧಪಟ್ಟ ವಿಮಾ ಸಂಸ್ಥೆ, ಬ್ಯಾಂಕ್ ಅಥವಾ ಕೃಷಿ ಇಲಾಖೆಯ ಕಚೇರಿಗೆ ತಿಳಿಸಿದಲ್ಲಿ ಮಾತ್ರ ಸಮೀಕ್ಷೆ ನಡೆಸಿ ಪರಿಹಾರ ಇತ್ಯರ್ಥಪಡಿಸಲು ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು ಎಂದು ಜಂಟಿ ಕೃಷಿ ನಿರ್ದೇಶಕರು ಪ್ರಕಟಣೆಯಲ್ಲಿ ತಿಳಿಸಿದ್ದಾರೆ."

ಐವತ್ತಕ್ಕೂ ಹೆಚ್ಚು ಪದ, ಫೋನಿನ ಪರದೆ ತುಂಬ ಒಂದೇ ವಾಕ್ಯ. ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ "ಬೆಳೆಗಳ" ಎನ್ನುವ ಪದ ಬರುವುದು ಮೂವತ್ತನೆಯದಾಗಿ. ಬೆಳೆದಿರುವ, ಹಾನಿಗೊಳಗಾದ, ನಷ್ಟವಾದ ಇವೆಲ್ಲ ಯಾವುದರ ಬಗ್ಗೆ ಎಂದು ಅಲ್ಲಿಯವರೆಗೆ ಕಾಯಬೇಕು. ಕನ್ನಡದಲ್ಲಿ ಬಣ್ಣಿಸುವ ಮಾತು ನಾಮಪದಕ್ಕಿಂತ ಮುಂಚೆ ಬರುತ್ತದೆ. ಒಂದು ಬಂದರೆ ಚೆನ್ನ: "ಮಳೆಗೆ ಸಿಕ್ಕಿದ ಬೆಳೆ". ಎರಡು ಬಂದರೂ ತಡೆದುಕೊಳ್ಳಬಹುದು. ಮೂರನೆಯದು ಬಂತೆಂದರೆ ಮೊದಲನೆಯದು ಮರೆತಿರುತ್ತದೆ.

ಇಲ್ಲಿ ಮರೆತರೆ ದುಡ್ಡು ಹೋಗುತ್ತದೆ. ವಾಕ್ಯದಲ್ಲಿ 14 ದಿನ, 72 ಗಂಟೆ ಎಂಬ ಎರಡು ಲೆಕ್ಕಗಳಿವೆ. ಅವಸರದಲ್ಲಿ ಓದಿದವರಿಗೆ ಮೊದಲು ಕಾಣುವುದು 14 ದಿನ. ತಿಳಿಸಲು ಎರಡು ವಾರ ಟೈಮ್ ಇದೆ ಎಂದುಕೊಂಡು ಸುಮ್ಮನೆ ಕೂತರೆ ನಾಲ್ಕನೆಯ ದಿನಕ್ಕೆ ಅವಕಾಶ ಮುಗಿದಿರುತ್ತದೆ.

ಇದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಹೀಗೆ ಮಾಡುತ್ತಾರೆ:

"ರೈತರು ವಿಮೆ ಮಾಡಿಸಿರುತ್ತಾರೆ. ಮಳೆ ಬರುತ್ತದೆ. ಬೆಳೆ ಹಾಳಾಗುತ್ತದೆ. ರೈತರು ತಿಳಿಸಬೇಕು. 72 ಗಂಟೆ ಸಮಯ ಇರುತ್ತದೆ. ಸಮೀಕ್ಷೆ ನಡೆಯುತ್ತದೆ. ಪರಿಹಾರ ಸಿಗುತ್ತದೆ."

ಇದು ಒಂದನೇ ಕ್ಲಾಸಿನ ಪಾಠದ ಹಾಗೆ ಕೇಳುತ್ತದೆ, ಐವತ್ತು ವರ್ಷ ಬೇಸಾಯ ಮಾಡಿದವರಿಗೆ "ಮಳೆ ಬರುತ್ತದೆ" ಎಂದು ಹೇಳಿಕೊಟ್ಟ ಹಾಗೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮೂಲದಲ್ಲಿದ್ದ "ತಿಳಿಸಿದಲ್ಲಿ ಮಾತ್ರ" ಎಂಬ ಷರತ್ತು ಇಲ್ಲಿ ಕಾಣೆಯಾಗಿದೆ. ಕ್ರಮ ಕೈಗೊಳ್ಳುತ್ತೇವೆ ಎಂದದ್ದು "ಪರಿಹಾರ ಸಿಗುತ್ತದೆ" ಎಂಬ ಭರವಸೆಯಾಗಿಬಿಟ್ಟಿದೆ. ಕಂಡಕಂಡಲ್ಲಿ ಚುಕ್ಕಿ ಇಟ್ಟರೆ ಆಗುವುದು ಇದೇ. ರೆ, ದರೂ, ಮಾತ್ರ, ಆದರೆ ಎನ್ನುವ ಸಣ್ಣ ಸಣ್ಣ ಕೊಂಡಿಗಳು ಮೊದಲು ಬಿದ್ದುಹೋಗುತ್ತವೆ, ಅರ್ಥ ಇದ್ದದ್ದೇ ಅವುಗಳಲ್ಲಿ.

ಹಾಗಾದರೆ ಎಲ್ಲಿ ಮುರಿಯಬೇಕು? ನಮ್ಮ ಅಭಿಪ್ರಾಯದಲ್ಲಿ, ಕೆಲಸ ಮಾಡುವವರು ಬದಲಾದ ಕಡೆ. ಮೇಲಿನ ವಾಕ್ಯದಲ್ಲಿ ತಿಳಿಸುವವರು ರೈತರು, ಸಮೀಕ್ಷೆ ಮಾಡುವವರು ಬೇರೆ, ಇದನ್ನೆಲ್ಲ ಹೇಳುತ್ತಿರುವವರು ಇನ್ನೂ ಬೇರೆ. ಮೂವರನ್ನು ಒಂದೇ ಗಾಡಿಗೆ ಹತ್ತಿಸಿದ್ದಾರೆ. ಅವರನ್ನು ಇಳಿಸಿ ಒಬ್ಬೊಬ್ಬರಿಗೂ ಅವರದೇ ಕ್ರಿಯಾಪದ ಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಕೆಲಸ ಮಾಡುವವರು ಒಬ್ಬರೇ ಆಗಿದ್ದು, ಒಂದಾದ ಮೇಲೊಂದು ಕೆಲಸ ಮಾಡುತ್ತಿದ್ದರೆ ಮುರಿಯಲೇಬಾರದು. "ಬೆಳಿಗ್ಗೆ ಎದ್ದು, ದನಕ್ಕೆ ಹುಲ್ಲು ಹಾಕಿ, ಹಾಲು ಕರೆದು, ಡೈರಿಗೆ ಹಾಕಿ ಬಂದೆ" ಎನ್ನುವುದು ಉದ್ದ ವಾಕ್ಯವೇ. ಆದರೆ ಯಾರಿಗೂ ಭಾರವಲ್ಲ. ಎದ್ದು, ಹಾಕಿ, ಕರೆದು ಎಂದು ಒಂದೊಂದು ಹೆಜ್ಜೆ ಆದ ಕೂಡಲೇ ಅದು ಮುಗಿಯಿತು, ತಲೆಯಲ್ಲಿ ಹೊತ್ತುಕೊಳ್ಳಬೇಕಿಲ್ಲ. ಇದನ್ನು "ಎದ್ದೆ. ಹುಲ್ಲು ಹಾಕಿದೆ. ಹಾಲು ಕರೆದೆ. ಬಂದೆ." ಎಂದು ಕತ್ತರಿಸಿದರೆ ಬಿಕ್ಕಳಿಕೆ ಬಂದವರು ಮಾತಾಡಿದ ಹಾಗಿರುತ್ತದೆ. "ಮಳೆ ಬಂದು ಬೆಳೆ ಹೋಯಿತು" ಎನ್ನುವಾಗ ಮಳೆ ಬೇರೆ, ಬೆಳೆ ಬೇರೆ ನಿಜ, ಆದರೂ ಒಂದು ಕಾರಣ, ಇನ್ನೊಂದು ಅದರ ಫಲ. ಅದನ್ನೂ ಕೂಡಿಸಿಯೇ ಬಿಡಬೇಕು.

ಇಷ್ಟನ್ನು ಇಟ್ಟುಕೊಂಡು ವಿಮೆಯ ವಾಕ್ಯವನ್ನು ಬಿಡಿಸಲು ಕೂತರೆ ಕೂಡಲೇ ಎರಡು ಪ್ರಶ್ನೆ ಎದ್ದುಬರುತ್ತವೆ. "ಸಮೀಕ್ಷೆ ನಡೆಸಿ ಕ್ರಮ ಕೈಗೊಳ್ಳಲಾಗುವುದು" ಎಂದಿದ್ದಾರೆ, ಕೈಗೊಳ್ಳುವವರು ಯಾರು? "72 ಗಂಟೆಗಳೊಳಗಾಗಿ" ಎಂದಿದ್ದಾರೆ, ಯಾವಾಗಿನಿಂದ? ಪೇರಿಸಿದ ವಾಕ್ಯದಲ್ಲಿ ಈ ತೂತುಗಳು ಕಾಣುವುದಿಲ್ಲ, ಒಂದು ತೂತಿನ ಮೇಲೆ ಇನ್ನೊಂದು ಮಾತು ಕೂತಿರುತ್ತದೆ. ಬಿಡಿಸಿದಾಗ ಪ್ರತಿ ವಾಕ್ಯವೂ ತನ್ನ ಕರ್ತೃವನ್ನು ಕೇಳುತ್ತದೆ. ಬರೆಯುವವರು ಫೋನ್ ಎತ್ತಿ ಕಚೇರಿಯಲ್ಲಿ ಕೇಳಲೇಬೇಕು. ಈ ಯೋಜನೆಯ ಮಟ್ಟಿಗೆ ಉತ್ತರ ಹೀಗಿದೆ: ಗಂಟೆಯ ಲೆಕ್ಕ ಹಾನಿಯಾದಾಗಿನಿಂದ ಶುರು, ನಷ್ಟ ಅಂದಾಜು ಮಾಡುವವರನ್ನು ಕಳಿಸುವುದು ವಿಮಾ ಕಂಪನಿ. ಕೇಳದೆ ಬರೆದವರು "ಲಾಗುವುದು" ಎಂಬ ಬಾಲವನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಆ ಬಾಲ ಕಂಡರೆ ನಮಗೆ ಅನುಮಾನ, ಅದರ ಹಿಂದೆ ಯಾರೋ ಅಡಗಿರುತ್ತಾರೆ.

ಈಗ ಬಿಡಿಸಿದ ರೂಪ:

"ಈ ಮುಂಗಾರಿಗೆ ಬೆಳೆ ವಿಮೆ ಮಾಡಿಸಿದವರು ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು ಎಂದು ಜಂಟಿ ಕೃಷಿ ನಿರ್ದೇಶಕರು ಹೇಳಿದ್ದಾರೆ. ವಿಮಾ ಕಂಪನಿ, ಬ್ಯಾಂಕ್, ಕೃಷಿ ಇಲಾಖೆಯ ಕಚೇರಿ, ಇವುಗಳಲ್ಲಿ ಯಾವುದಕ್ಕೆ ತಿಳಿಸಿದರೂ ನಡೆಯುತ್ತದೆ. ಹಾಗೆ ತಿಳಿಸಿದರೆ ಮಾತ್ರ ವಿಮಾ ಕಂಪನಿಯ ಕಡೆಯವರು ಹೊಲಕ್ಕೆ ಬಂದು, ನಷ್ಟ ಎಷ್ಟೆಂದು ನೋಡಿ, ಪರಿಹಾರದ ಬಗ್ಗೆ ನಿಯಮದಂತೆ ಕ್ರಮ ಕೈಗೊಳ್ಳುತ್ತಾರೆ. ಈ ನಿಯಮ ಆಲಿಕಲ್ಲು ಮಳೆ, ಭೂಕುಸಿತ ಮತ್ತು ಹೊಲದಲ್ಲಿ ನೀರು ನಿಂತು ಆದ ಹಾನಿಗೆ. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ ಸಿಕ್ಕಿದರೂ ಇದೇ ನಿಯಮ. ಆದರೆ ಆ ಮಳೆ ಕೊಯ್ಲಾದ 14 ದಿನದೊಳಗೆ ಬಿದ್ದಿರಬೇಕು, ಹಾನಿಯಾದ 72 ಗಂಟೆಯೊಳಗೆ ನೀವು ತಿಳಿಸಿರಬೇಕು."

(ವಿಮೆಯ ನಿಯಮಗಳು ಹಂಗಾಮು, ಬೆಳೆ ನೋಡಿ ಬದಲಾಗುತ್ತವೆ. ನಿಮ್ಮ ಬೆಳೆಗೆ ಏನು ಅನ್ವಯ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ. ಇಲ್ಲಿ ನಮ್ಮ ಮಾತು ವಾಕ್ಯದ ಬಗ್ಗೆ.)

ಒಂದು ವಾಕ್ಯ ಆರಾಯಿತು. ಪದಗಳೇನೂ ಕಡಿಮೆಯಾಗಿಲ್ಲ, ಬದಲಿಗೆ ಒಂದಿಷ್ಟು ಹೆಚ್ಚಾಗಿವೆ. ಆದರೂ ಓದಲು ಹಗುರ. ಮಕ್ಕಳ ಪಾಠದ ಹಾಗೆ ಕೇಳದಿರುವುದಕ್ಕೆ ಕಾರಣ ವಾಕ್ಯಗಳ ನಡುವಿನ ಹೆಣಿಗೆ. ಎರಡನೆಯ ವಾಕ್ಯ "ತಿಳಿಸಿದರೂ" ಎಂದು ಮೊದಲನೆಯದರ "ತಿಳಿಸಬೇಕು" ಎಂಬುದನ್ನು ಹಿಡಿದುಕೊಂಡಿದೆ. ಮೂರನೆಯದು "ಹಾಗೆ ತಿಳಿಸಿದರೆ ಮಾತ್ರ" ಎಂದು ಶುರುವಾಗುತ್ತದೆ. ಮುಂದೆ "ಈ ನಿಯಮ", "ಇದೇ ನಿಯಮ", "ಆದರೆ ಆ ಮಳೆ". ಹೂ ಕಟ್ಟುವಾಗ ಒಂದು ಹೂವಿನ ತೊಟ್ಟಿನ ಮೇಲೆ ಮುಂದಿನದನ್ನು ಇಟ್ಟು ದಾರ ಸುತ್ತುತ್ತಾರಲ್ಲ, ಹಾಗೆ. ಓದುಗರಿಗೆ ಆಗಲೇ ಗೊತ್ತಾದದ್ದು ವಾಕ್ಯದ ಮೊದಲಿಗೆ ಬರಬೇಕು, ಹೊಸದು ಆಮೇಲೆ.

"ರೈತರು" ಎಂಬ ಪದವನ್ನೂ ನೋಡಿ. ತುಂಡು ವಾಕ್ಯಗಳಲ್ಲಿ ಅದು ಎರಡು ಸಲ ಬಂದಿತ್ತು, ಇಲ್ಲಿ ಒಮ್ಮೆಯೂ ಇಲ್ಲ. ಕನ್ನಡದಲ್ಲಿ ಯಾರೆಂದು ಗೊತ್ತಿದ್ದರೆ ಮತ್ತೆ ಮತ್ತೆ ಹೇಳಬೇಕಿಲ್ಲ. ಪ್ರತಿ ವಾಕ್ಯದಲ್ಲೂ ಹೆಸರು ಹಿಡಿದು ಕರೆಯುವುದು ಮಕ್ಕಳ ಕಥೆಯ ಧಾಟಿ. ಇನ್ನು ಎಲ್ಲ ವಾಕ್ಯವೂ "ತ್ತದೆ, ತ್ತದೆ" ಎಂದು ಮುಗಿದರೆ ಎಷ್ಟು ಒಳ್ಳೆಯ ವಿಷಯವಾದರೂ ಮಗ್ಗಿ ಒಪ್ಪಿಸಿದ ಹಾಗಾಗುತ್ತದೆ. "ಇದೇ ನಿಯಮ" ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸಲು ಕನ್ನಡ ಬಿಡುತ್ತದೆ, ಅದನ್ನು ಬಳಸಿಕೊಳ್ಳಬೇಕು.

"ಎಂದು ತಿಳಿಸಿದ್ದಾರೆ" ಎಂಬುದನ್ನು ಕೊನೆಯಲ್ಲಿಡುವ ಅಭ್ಯಾಸ ಪತ್ರಿಕೆಗಳಿಂದ ಬಂದದ್ದು. ಯಾರು ಹೇಳುತ್ತಿದ್ದಾರೆ ಎಂಬುದು ತಿಳಿಯಬೇಕಾದರೆ ಇಡೀ ಸುದ್ದಿ ಓದಬೇಕು. ಮೊದಲ ಚಿಕ್ಕ ವಾಕ್ಯದಲ್ಲೇ ಅದನ್ನು ಹೇಳಿ ಮುಗಿಸಿದರೆ ಉಳಿದ ವಾಕ್ಯಗಳ ಹೊರೆ ಇಳಿಯುತ್ತದೆ. ಆದರೆ ಮಾತು ಅಧಿಕಾರಿಯದೋ ವರದಿಗಾರರದೋ ಎಂಬ ಗೊಂದಲ ಬರುವಂತಿದ್ದರೆ ನಡುವೆ ಇನ್ನೊಮ್ಮೆ ಹೇಳಬೇಕು. ಅಲ್ಲಿ ಚಂದಕ್ಕಿಂತ ಖಚಿತತೆ ಮುಖ್ಯ.

ಡೈರಿಯ ನೋಟಿಸು, ಸ್ವಸಹಾಯ ಸಂಘದ ವರದಿ, ಶಾಲೆಯ ಎಸ್‌ಡಿಎಂಸಿ ಸಭೆಯ ಸುದ್ದಿ ಬರೆಯುವವರು ನಿಮ್ಮಲ್ಲೂ ಇದ್ದೀರಿ. ಬರೆದದ್ದನ್ನು ಪಕ್ಕದಲ್ಲಿರುವ ಯಾರಿಗಾದರೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಕೇಳಿದವರು "ಯಾರು?" ಎಂದರೆ ಕರ್ತೃ ಕಳೆದುಹೋಗಿದೆ. "ಏನಂದೆ, ಇನ್ನೊಂದ್ಸಲ ಹೇಳು" ಎಂದರೆ ನಾಮಪದದ ಮುಂದೆ ಪೇರಿಸಿದ್ದೀರಿ. "ಗೊತ್ತಾಯ್ತು, ಮುಂದೆ ಹೇಳಪ್ಪ" ಎಂದು ಅವಸರ ಮಾಡಿದರೆ ಬೇಡದ ಕಡೆ ಕತ್ತರಿಸಿದ್ದೀರಿ. ಓದಿ ಮುಗಿದ ಮೇಲೆ ಅವರನ್ನೇ ಒಂದು ಪ್ರಶ್ನೆ ಕೇಳಿ: ಎಷ್ಟು ಹೊತ್ತಿನೊಳಗೆ, ಯಾರಿಗೆ ತಿಳಿಸಬೇಕು? 14 ದಿನ ಎಂಬ ಉತ್ತರ ಬಂದರೆ ಇನ್ನೊಮ್ಮೆ ಬರೆಯಬೇಕು.

ಬಿಡಿಸಬಾರದ ಕಡೆಯೂ ಇದೆ. ಕೋರ್ಟಿನ ಆದೇಶ, ಹರಾಜಿನ ಷರತ್ತು, ಭೂಸ್ವಾಧೀನದ ಅಧಿಸೂಚನೆ ಇವುಗಳಲ್ಲಿ ಒಂದು ಅಲ್ಪವಿರಾಮ ಆಚೀಚೆ ಆದರೂ ಜಗಳ ಬರುತ್ತದೆ. ಅಂಥವನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿ, ಅದರ ಕೆಳಗೆ ಮೂಲವನ್ನು ಹೇಗಿದೆಯೋ ಹಾಗೇ ಹಾಕುವುದು ಒಳ್ಳೆಯದು. ವಾಟ್ಸಾಪಿನಲ್ಲಿ ಮುಂದೆ ಹೋಗುವಾಗ ಕೆಳಗಿನದು ಬಿದ್ದುಹೋಗಿ ನಮ್ಮ ಮಾತಷ್ಟೇ ಉಳಿಯುವುದೂ ಉಂಟು. ಅದಕ್ಕೇ "ಮಾತ್ರ" ಇರುವ ವಾಕ್ಯದಲ್ಲೇ ಅದರ ಷರತ್ತೂ ಪೂರ್ತಿ ಇರಬೇಕು ಎಂದು ನಾವು ಹಟ ಹಿಡಿಯುವುದು, ಆ ವಾಕ್ಯ ಸ್ವಲ್ಪ ಉದ್ದವಾದರೂ ಸರಿ.