ಕ್ರೆಡಿಟ್ ಕೊಟ್ಟರೆ ಮುಗಿಯಿತೇ?

ಇನ್ನೊಬ್ಬರ ವಿಡಿಯೊವನ್ನು ಪೂರ್ತಿ ಓಡಿಸುವುದು, ಮೂಲೆಯಲ್ಲಿ ತಮ್ಮ ಮುಖ ಇಟ್ಟುಕೊಂಡು ಆಗಾಗ ‘ಅಯ್ಯೋ’, ‘ಸೂಪರ್’ ಎನ್ನುವುದು: ನಮ್ಮಲ್ಲಿ ರಿಯಾಕ್ಷನ್ ಎಂದರೆ ಬಹುಪಾಲು ಇಷ್ಟೇ. ಕೇಳಿದರೆ ‘ಕೆಳಗೆ ಕ್ರೆಡಿಟ್ ಕೊಟ್ಟಿದ್ದೀನಲ್ಲ’ ಎಂಬ ಉತ್ತರ. ನನ್ನ ತಕರಾರು ಆ ಉತ್ತರದ ಮೇಲೆಯೇ. ಪಕ್ಕದ ಮನೆಯ ಊಟವನ್ನೆಲ್ಲ ಉಂಡು, ಅಡುಗೆ ಮಾಡಿದವರ ಹೆಸರು ಹೇಳಿದಂತಾಯಿತು ಅದು.

2017ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯವೊಂದು ಇಂಥದೇ ಮೊಕದ್ದಮೆಯನ್ನು ತೀರ್ಮಾನಿಸಿತು. ಯೂಟ್ಯೂಬರ್ ದಂಪತಿ ಈಥನ್ ಮತ್ತು ಹಿಲಾ ಕ್ಲೈನ್, ಮ್ಯಾಟ್ ಹೊಸೈನ್‌ಜಾದೆ ಎಂಬಾತನ ಐದೂವರೆ ನಿಮಿಷದಷ್ಟಿದ್ದ ವಿಡಿಯೊದಿಂದ ಮೂರು ನಿಮಿಷಕ್ಕೂ ಹೆಚ್ಚು ಬಳಸಿದ್ದರು. ಆದರೂ ಗೆದ್ದರು. ಸುಮಾರು 14 ನಿಮಿಷದ ತಮ್ಮ ವಿಡಿಯೊದಲ್ಲಿ ಅವರು ಮತ್ತೆ ಮತ್ತೆ ನಿಲ್ಲಿಸಿ, ಮೂಲದ ಒಂದೊಂದು ತುಣುಕನ್ನೂ ವಿಮರ್ಶಿಸಿದ್ದರು. ಎಲ್ಲ ರಿಯಾಕ್ಷನ್‌ಗಳಿಗೂ ಈ ರಕ್ಷಣೆ ಇಲ್ಲ, ಕೆಲವು ಬರೀ ಒಟ್ಟಿಗೆ ಕೂತು ನೋಡಿದಂತಿರುತ್ತವೆ ಎಂದೂ ನ್ಯಾಯಾಧೀಶೆ ಹೇಳಿದರು. (ಕ್ಲೈನ್‌ರದು ಲೇವಡಿ ತುಂಬಿದ ವಿಡಿಯೊ, ಗೌರವಕ್ಕೆ ಮಾದರಿಯೇನಲ್ಲ.) ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೂಡ ವಿಮರ್ಶೆಗಾಗಿ ನ್ಯಾಯಯುತ ಬಳಕೆಯನ್ನು ಒಪ್ಪುತ್ತದೆ. ಇಷ್ಟೇ ಸೆಕೆಂಡು ಎಂಬ ಲೆಕ್ಕ ಅಲ್ಲಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೈದರಾಬಾದಿನ ಕನ್ನಡಿಗರೊಬ್ಬರು ಆರು ನಿಮಿಷದ ವಿಡಿಯೊದಲ್ಲಿ, ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕು, ಮಕ್ಕಳಿಗೆ ಲಿಪಿ ಕಲಿಸುವ ಹಟ ಬೇಡ ಎನ್ನುತ್ತಾರೆ. ಕಾರಣ, ಅವರ ಮಗ ಅಜ್ಜಿಯೊಂದಿಗೆ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾನೆ. ನಾನು ಉತ್ತರಿಸುವುದಾದರೆ ಮೊದಲು ಅವರ ಹೆಸರನ್ನು ಬಾಯಲ್ಲೇ ಹೇಳಿ, ಮೂಲದ ಲಿಂಕ್ ತೋರಿಸುತ್ತೇನೆ. ಆ ವಾದ ಮತ್ತು ಅದರ ಕಾರಣ ಎರಡೂ ಇರುವ 25 ಸೆಕೆಂಡು ಮಾತ್ರ ಹಾಕಿ ನಿಲ್ಲಿಸುತ್ತೇನೆ. ಮಾತು ಮೊದಲು ಬರಬೇಕು ಎಂಬುದನ್ನು ಒಪ್ಪುತ್ತೇನೆ. ಆಮೇಲೆ ಪುಣೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವಾಗ ಕಂಡದ್ದನ್ನು ಹೇಳುತ್ತೇನೆ: ಶಾಲೆಯಲ್ಲಿ ದೇವನಾಗರಿ ಕಲಿತ ಮಗುವಿಗೆ ವರ್ಣಮಾಲೆಯ ಕ್ರಮ ಆಗಲೇ ಗೊತ್ತು. ತೊಡಕು ಒತ್ತಕ್ಷರದಲ್ಲಿ, ಎ–ಏ, ಒ–ಓ ವ್ಯತ್ಯಾಸದಲ್ಲಿ. ಲಿಪಿ ಅವರು ಹೆದರಿಸುವಷ್ಟು ಭಾರವಲ್ಲ.

ಅವರ ತುಣುಕನ್ನು ತೆಗೆದರೂ ನನ್ನ ಮಾತು ನಿಲ್ಲುತ್ತದೆ. ನನ್ನದನ್ನು ನೋಡಿದವರಿಗೆ ಅವರ ಉಳಿದ ಐದೂವರೆ ನಿಮಿಷ ಏನು ಹೇಳುತ್ತದೆಂಬ ಕುತೂಹಲವೂ ಉಳಿಯುತ್ತದೆ. ಪೂರ್ತಿ ಓಡಿಸುವವರ ವಿಡಿಯೊದಲ್ಲಿ ಇವೆರಡೂ ಆಗುವುದಿಲ್ಲ.

ಕತ್ತರಿ ಇನ್ನೊಂದು ಕಡೆಯೂ ಆಡುತ್ತದೆ. ಅವರು ‘ನಮ್ಮ ಮನೆಯ ಮಟ್ಟಿಗೆ’ ಎಂದು ಮಾತು ಶುರುಮಾಡಿದ್ದರೆ ಆ ಮೂರು ಪದ ನನ್ನ 25 ಸೆಕೆಂಡಿನಲ್ಲಿ ಇರಲೇಬೇಕು. ಅವನ್ನು ಕತ್ತರಿಸಿ ಹೆಸರನ್ನು ಎಷ್ಟು ದಪ್ಪಕ್ಷರದಲ್ಲಿ ಹಾಕಿದರೂ, ಅವರು ಹೇಳದ ಮಾತಿಗೆ ಅವರ ಹೆಸರನ್ನು ಅಂಟಿಸಿದಂತೆ.