ಸ್ಕ್ಯಾನ್ ಮಾಡಿದವರ ದುಡ್ಡೇ ಹೋಗುವುದು

ಗುಬ್ಬಿ ಪೇಟೆಯಲ್ಲಿ ಎಳನೀರು ಮಾರುವವರಿಂದ ಹಿಡಿದು ಹಾರ್ಡ್‌ವೇರ್ ಅಂಗಡಿಯವರ ತನಕ ಎಲ್ಲರ ಮುಂದೆಯೂ ಈಗ ಒಂದು ಕ್ಯೂಆರ್ ಕೋಡ್ ಇದೆ. ಗಮನಿಸಿ ನೋಡಿ: ಹಣ ಪಡೆಯಲು ಎಳನೀರಿನವರು ಏನನ್ನೂ ಸ್ಕ್ಯಾನ್ ಮಾಡುವುದಿಲ್ಲ, ಪಿನ್ ಒತ್ತುವುದಿಲ್ಲ. ಮಚ್ಚು ಹಿಡಿದು ಕಾಯಿ ಕೆತ್ತುತ್ತಲೇ ಇರುತ್ತಾರೆ, ಪಕ್ಕದ ಪುಟ್ಟ ಸ್ಪೀಕರ್ ಹಣ ಬಂತೆಂದು ಕೂಗುತ್ತದೆ. ಸ್ಕ್ಯಾನ್ ಮಾಡುವುದು, ಪಿನ್ ಒತ್ತುವುದು ಎರಡೂ ಗಿರಾಕಿಯ ಕೆಲಸ. ಇದನ್ನು ದಿನಾ ನೋಡುವ ನಾವೇ, ಮನೆಯ ಹಳೆಯ ಸೋಫಾವನ್ನೋ ಗಾಡಿಯನ್ನೋ ಫೋನಿನಲ್ಲಿ ಮಾರಲು ಕೂತಾಗ, ಕೊಳ್ಳುವವನು ಕಳಿಸಿದ ಕೋಡನ್ನು ಸ್ಕ್ಯಾನ್ ಮಾಡಿ ದುಡ್ಡು ಕಳೆದುಕೊಳ್ಳುತ್ತೇವೆ. ಕೋಡ್ ಎಂದರೆ ಹಣ ಬರುವ ದಾರಿ ಎಂಬುದಷ್ಟೇ ಮನಸ್ಸಿನಲ್ಲಿ ಉಳಿದಿರುತ್ತದೆ. ಅದು ಯಾರ ಕಡೆಗೆ ಬರುವ ದಾರಿ ಎಂಬುದು ಮರೆತಿರುತ್ತದೆ.

ಆ ಕಪ್ಪು ಬಿಳಿ ಚೌಕಗಳೊಳಗೆ ಇರುವುದು ಒಂದೇ ಸಾಲಿನ ಬರಹ. ವಂಚಕನೊಬ್ಬ ಕಳಿಸುವ ಕೋಡನ್ನು ಬಿಡಿಸಿದರೆ ಹೆಚ್ಚುಕಡಿಮೆ ಹೀಗಿರುತ್ತದೆ:

```
upi://pay?pa=example@bank&pn=INDIAN%20ARMY&am=9000.00&cu=INR&tn=Receive%20Money
```

ಮೊದಲಲ್ಲೇ `pay` ಎಂದಿದೆ, ಅಂದರೆ ‘ಪಾವತಿ ಮಾಡು’. ಅಪ್ಪಣೆ ಸ್ಕ್ಯಾನ್ ಮಾಡಿದವರ ಫೋನಿಗೆ. `pa` ಎಂದರೆ ಹಣ ಯಾರಿಗೆ ಸೇರಬೇಕೋ ಅವರ ವಿಳಾಸ, `am` ಎಂದರೆ ಮೊತ್ತ. ಇನ್ನು `pn` ಎಂಬ ಹೆಸರನ್ನೂ `tn` ಎಂಬ ಟಿಪ್ಪಣಿಯನ್ನೂ ಕೋಡ್ ತಯಾರಿಸುವವನು ತನಗೆ ತೋಚಿದಂತೆ ತುಂಬಬಹುದು. ‘ಸೇನೆ’ ಎಂದು ಬರೆಯಬಹುದು, ‘ಹಣ ಪಡೆಯಿರಿ’ ಎಂದೂ ಬರೆಯಬಹುದು. ಅದರಿಂದ ಹಣ ಹೋಗುವ ದಿಕ್ಕು ಬದಲಾಗುವುದಿಲ್ಲ. ದೇವಸ್ಥಾನದ ಹುಂಡಿಯ ಮೇಲೆ ‘ಇಲ್ಲಿ ಹಣ ಸಿಗುತ್ತದೆ’ ಎಂದು ಚೀಟಿ ಅಂಟಿಸಿದರೂ ಅದರ ಬಾಯಿಗೆ ಹಾಕಿದ ಕಾಸು ಒಳಗೇ ಬೀಳುತ್ತದೆ.

ಸ್ಕ್ಯಾನ್ ಮಾಡಿದ ಕೂಡಲೇ ಹಣ ಹೋಗುವುದಿಲ್ಲ. ಆ್ಯಪ್ ವಿಳಾಸವನ್ನು ಓದಿ, ಮೊತ್ತ ತೋರಿಸಿ, ಪಿನ್ ಕೇಳುತ್ತದೆ. ನೀವು ಒತ್ತಿದ ಪಿನ್ ನಿಮ್ಮದೇ ಬ್ಯಾಂಕಿಗೆ ಹೋಗುತ್ತದೆ. ಅದು ಸರಿಯಾಗಿದ್ದರೆ ಬ್ಯಾಂಕ್ ನಿಮ್ಮ ಖಾತೆಯಿಂದ ಹಣ ಕಳೆದು ಆ ಕಡೆಯ ಬ್ಯಾಂಕಿಗೆ ದಾಟಿಸುತ್ತದೆ. ಖಾತೆಗೆ ಹಣ ಜಮಾ ಮಾಡಲು ಯಾವ ಬ್ಯಾಂಕಿಗೂ ನಿಮ್ಮ ಪಿನ್ ಬೇಕಿಲ್ಲ. ಬಾಕಿ ಎಷ್ಟಿದೆ ಎಂದು ನೋಡುವಾಗ ಪಿನ್ ಕೇಳುತ್ತಾರೆ, ಕೊಡುವಾಗ ಕೇಳುತ್ತಾರೆ. ಪಡೆಯುವಾಗ ಎಂದೂ ಕೇಳುವುದಿಲ್ಲ. ನಿಮ್ಮ ಫೋನ್ ಆಫ್ ಆಗಿದ್ದರೂ ಹಣ ಬಂದು ಕೂರುತ್ತದೆ.

ಇಷ್ಟು ಸರಳವಾದದ್ದಕ್ಕೆ ಓದಿದವರೂ ಏಕೆ ಬೀಳುತ್ತಾರೆ? ಗುಬ್ಬಿಯ ಒಬ್ಬರು ಹಳೆಯ ಮೊಪೆಡನ್ನು 18,000 ರೂಪಾಯಿಗೆ ಮಾರಲು ಜಾಹೀರಾತು ಹಾಕಿದರು ಅನ್ನಿ. ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ. ಕರೆ ಮಾಡಿದವನು ತಾನು ಸೇನೆಯವನು, ಈಗಷ್ಟೇ ಬೆಂಗಳೂರಿಗೆ ವರ್ಗವಾಗಿದೆ ಎಂದು ಗುರುತಿನ ಚೀಟಿಯ ಫೋಟೊ ಕಳಿಸುತ್ತಾನೆ. ಗಾಡಿ ನೋಡಲು ಬರುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ನೂರು ರೂಪಾಯಿಗೂ ಹಗ್ಗಜಗ್ಗಾಟ ನಡೆಯುವ ನಮ್ಮ ಕಡೆ, ಮೊದಲ ಅನುಮಾನ ಬರಬೇಕಾದದ್ದೇ ಇಲ್ಲಿ.

ನಂತರ ಅವನು ಒಂದು ರೂಪಾಯಿಯ ಕೋಡ್ ಕಳಿಸಿ, ‘ಸರ್, ಪರೀಕ್ಷೆಗೆ ಸ್ಕ್ಯಾನ್ ಮಾಡಿ, ಎರಡು ರೂಪಾಯಿ ಬರುತ್ತದೆ’ ಎನ್ನುತ್ತಾನೆ. ಇವರು ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತಾರೆ. ನಿಜವಾಗಿಯೂ ಎರಡು ರೂಪಾಯಿ ಬರುತ್ತದೆ! ಇಡೀ ಮೋಸದ ಜೀವ ಇರುವುದು ಈ ಒಂದು ನಿಮಿಷದಲ್ಲಿ. ನಡೆದದ್ದು ಒಂದು ವ್ಯವಹಾರವಲ್ಲ, ಎರಡು: ಸ್ಕ್ಯಾನ್‌ನಿಂದ ಒಂದು ರೂಪಾಯಿ ಹೋಯಿತು, ಆಮೇಲೆ ಅವನು ತನ್ನ ಫೋನಿನಿಂದ ಬೇರೆಯಾಗಿ ಎರಡು ರೂಪಾಯಿ ಹಾಕಿದ. ಖಾತೆಯ ವಿವರ ತೆರೆದಿದ್ದರೆ ಎರಡು ಸಾಲು ಕಾಣುತ್ತಿದ್ದವು. ಆದರೆ ಅವನು ಫೋನ್ ಇಡಲು ಬಿಡುವುದಿಲ್ಲ. ಸ್ಕ್ಯಾನ್ ಮಾಡಿದರೆ ದುಡ್ಡು ಬರುತ್ತದೆ ಎಂಬುದನ್ನು ಇವರು ಈಗ ಕಣ್ಣಾರೆ ಕಂಡಾಗಿದೆ.

ಮುಂದಿನದು 9,000 ರೂಪಾಯಿಯ ಕೋಡ್, ಮುಂಗಡವಂತೆ. ಪಿನ್ ಒತ್ತಿದರೆ ಅಷ್ಟೂ ಹೋಯಿತು. ಗಾಬರಿಯಿಂದ ಕೇಳಿದರೆ, ‘ತಪ್ಪು ಕೋಡ್ ಬಂದುಬಿಟ್ಟಿದೆ, ನಿಮ್ಮ ಒಂಬತ್ತು, ನನ್ನ ಮುಂಗಡ ಒಂಬತ್ತು, ಸೇರಿಸಿ ಕಳಿಸುತ್ತೇನೆ’ ಎಂದು 18,000ದ ಕೋಡ್ ಕಳಿಸುತ್ತಾನೆ. ಕಳೆದದ್ದನ್ನು ವಾಪಸ್ ಪಡೆಯುವ ಆತುರದಲ್ಲಿ ಅದನ್ನೂ ಒತ್ತಿದರೆ ಒಟ್ಟು 27,000 ಹೋಯಿತು. ಮೊಪೆಡ್ ಅಂಗಳದಲ್ಲೇ ನಿಂತಿದೆ.

ಎರಡನೆಯ ಕೋಡಿಗೂ ಜನ ಬೀಳುತ್ತಾರೆಯೇ ಎನ್ನುವವರು 2021ರ ಫೆಬ್ರುವರಿಯ ಪ್ರಕರಣ ನೆನೆಯಬೇಕು. ದೆಹಲಿಯ ಅಂದಿನ ಮುಖ್ಯಮಂತ್ರಿಯ ಮಗಳು ಸೋಫಾ ಮಾರಲು ಹೊರಟಾಗಲೂ ಮೊದಲು ಸಣ್ಣ ಮೊತ್ತವೊಂದು ಖಾತೆಗೆ ಬಂದಿತ್ತು. ಆಮೇಲೆ ಬಂದ ಕೋಡಿನಿಂದ 20,000 ರೂಪಾಯಿ ಹೋಯಿತು. ತಪ್ಪಾಗಿದೆ ಎಂದು ಕಳಿಸಿದ ಇನ್ನೊಂದರಿಂದ 14,000 ಹೋಯಿತು. ಹಾಗಾಗಿ ಇದನ್ನು ಹಳ್ಳಿಯವರ ದಡ್ಡತನ ಎಂದು ಯಾರೂ ಹೇಳಬೇಕಿಲ್ಲ.

ವ್ಯವಸ್ಥೆ ಕೈಕಟ್ಟಿ ಕೂತಿಲ್ಲ. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮದ ಸೂಚನೆಯಂತೆ, ಕೋಡಿನಲ್ಲಿ ಗೀಚಿದ ಹೆಸರಿನ ಬದಲು ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ಆ್ಯಪ್‌ಗಳು ತೋರಿಸಬೇಕು. ಅದಕ್ಕೆ ಕೊಟ್ಟ ಗಡುವು 2025ರ ಜೂನ್ 30. ಒಬ್ಬರು ಇನ್ನೊಬ್ಬರಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳಿಸುವ ಸೌಲಭ್ಯವನ್ನೂ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಅದೂ ಇದೇ ಮೋಸದ ಇನ್ನೊಂದು ಬಾಗಿಲಾಗಿತ್ತು. ಆದರೆ ಕ್ಯೂಆರ್ ಬಾಗಿಲನ್ನು ಹಾಗೆ ಮುಚ್ಚುವಂತಿಲ್ಲ. ಬ್ಯಾಂಕಿನ ಕಂಪ್ಯೂಟರಿಗೆ ಎಳನೀರಿಗೆ ಕೊಟ್ಟ ದುಡ್ಡೂ ವಂಚಕನಿಗೆ ಕೊಟ್ಟ ದುಡ್ಡೂ ಒಂದೇ ಬಗೆ: ಖಾತೆದಾರರೇ ಸ್ಕ್ಯಾನ್ ಮಾಡಿ, ಖಾತೆದಾರರೇ ಪಿನ್ ಒತ್ತಿದ್ದಾರೆ. ಹಣ ವಾಪಸ್ ಕೇಳಿದಾಗ ಬ್ಯಾಂಕಿನವರು ‘ನೀವೇ ಕಳಿಸಿದ್ದೀರಲ್ಲ’ ಎನ್ನುವುದೂ ಇದಕ್ಕೇ. ಬ್ಯಾಂಕಿನ ಹೆಸರು ತೋರಿಸುವ ನಿಯಮಕ್ಕೂ ಮಿತಿ ಇದೆ. ವಂಚಕರು ಬಾಡಿಗೆಗೆ ಪಡೆದ ಯಾರದೋ ಖಾತೆಯನ್ನು ಬಳಸುತ್ತಾರೆ. ಅಪರಿಚಿತ ಹೆಸರು ಕಂಡು ಕೇಳಿದರೆ ‘ಅವರು ನಮ್ಮ ಅಕೌಂಟೆಂಟ್’ ಎಂಬ ಉತ್ತರ ಸಿದ್ಧವಿರುತ್ತದೆ.

ಹಣ ಹೋಗಿದ್ದರೆ ಮೊದಲು ಅವನ ಕರೆ ಕತ್ತರಿಸಿ 1930ಕ್ಕೆ ಫೋನ್ ಮಾಡಬೇಕು, ಇಲ್ಲವೇ `cybercrime.gov.in` ತಾಣದಲ್ಲಿ ದೂರು ದಾಖಲಿಸಬೇಕು. ಹಣ ಮೊದಲು ಸೇರಿದ ಖಾತೆಯಲ್ಲಿ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಬಹುದು. ಮುಂದಿನ ಖಾತೆಗಳಿಗೆ ಹಂಚಿಹೋದ ಮೇಲೆ ಕಷ್ಟ. ಆದ್ದರಿಂದ ಸಂಜೆ ಮನೆಯವರನ್ನು ಕೇಳಿ, ನಾಳೆ ತುಮಕೂರಿಗೆ ಹೋಗೋಣ ಎನ್ನುವಷ್ಟು ಹೊತ್ತು ಇರುವುದಿಲ್ಲ.

ಮಾರುವವರಿಗೆ ಒಂದು ಪರೀಕ್ಷೆ ಸಾಕು. ಅವನು ಕೋಡ್ ಕಳಿಸುತ್ತೇನೆ ಎಂದಾಗ, ‘ಬೇಡಪ್ಪ, ನನ್ನ ಕೋಡ್ ಕಳಿಸುತ್ತೇನೆ, ನೀನೇ ಸ್ಕ್ಯಾನ್ ಮಾಡು’ ಎನ್ನಿ. ನಿಮ್ಮ ಕೋಡಿನಲ್ಲಿರುವುದು ನಿಮ್ಮ ವಿಳಾಸ ಮಾತ್ರ, ಅದನ್ನು ಕೊಟ್ಟರೆ ಹಣ ಹೋಗುವುದಿಲ್ಲ. ನಿಜವಾಗಿ ಕೊಳ್ಳುವವನು ಸ್ಕ್ಯಾನ್ ಮಾಡಿ ಕಳಿಸುತ್ತಾನೆ, ಇಲ್ಲವೇ ಗಾಡಿ ನೋಡಿಯೇ ಕೊಡುತ್ತೇನೆ ಎನ್ನುತ್ತಾನೆ. ‘ಸೇನೆಯ ಖಾತೆಯಿಂದ ಹಾಗೆ ಬರುವುದಿಲ್ಲ’ ಎಂದು ವಾದಕ್ಕೆ ಇಳಿದವನ ಜೊತೆ ವ್ಯಾಪಾರ ಮುಗಿಯಿತು ಎಂದುಕೊಳ್ಳಿ.